ಎ ಮಿಕ್ಸೊಲಿಡಿಯನ್ ರಿಫ್ ಪವರ್ ಕಾರ್ಡ್‌ನಲ್ಲಿ ನುಡಿಸಿದರೆ ಮೈನರ್ ಆಗಿ ಕೇಳಿಸುತ್ತಿದೆ, ಏಕೆ?

ಟಿಳಕವಾಡಿ ತಂತಿ
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಾವು ನಾಲ್ವರು ಸೇರಿ ಒಂದು ಕನ್ನಡ ರಾಕ್ ಹಾಡು ಕಟ್ಟುತ್ತಿದ್ದೇವೆ. ವೇಗ 138, ನಾಲ್ಕು ಬೀಟಿನ ಬಾರ್, ಮೊದಲಿನಿಂದ ಕೊನೆಯವರೆಗೂ ಓಟ ನಿಲ್ಲಬಾರದು ಎಂಬುದು ಆಸೆ. ಮುಖ್ಯ ರಿಫ್ ಹೀಗಿದೆ: ಎ5 ಒಂದು ಬಾರ್, ಆಮೇಲೆ ಜಿ5 ಅರ್ಧ ಬಾರ್, ಡಿ5 ಅರ್ಧ ಬಾರ್, ಮತ್ತೆ ಎ5. ನಾನು ಇದನ್ನು ಎ ಮಿಕ್ಸೊಲಿಡಿಯನ್ ಎಂದೇ ಯೋಚಿಸಿ ಮಾಡಿದೆ. ಎತ್ತಿದ ದನಿಯ, ಬಿಸಿಲಿನಂಥ ರಾಕ್ ಬೇಕಿತ್ತು.

ಆದರೆ ತಾಲೀಮಿನಲ್ಲಿ ಅದು ಮೈನರ್ ಹಾಡಾಗಿಬಿಡುತ್ತಿದೆ. ನಮ್ಮ ಗಾಯಕಿ ಹಿಂದೂಸ್ತಾನಿ ಕಲಿತವರು, ಎ ಅವರ ಷಡ್ಜ. ಯಾರೂ ಹೇಳದಿದ್ದರೂ ಅವರು ಕೋಮಲ ಗಾಂಧಾರ ಹಿಡಿದೇ ಹಾಡುತ್ತಾರೆ. ಸೋಲೋ ನುಡಿಸುವ ಗೆಳೆಯ ಎ ಮೈನರ್ ಪೆಂಟಾಟೋನಿಕ್ ಬಿಟ್ಟು ಕದಲುವುದಿಲ್ಲ. ಇಬ್ಬರ ದನಿಯೂ ರಿಫ್‌ಗೆ ಸರಿಯಾಗಿ ಕೂರುತ್ತಿದೆ, ಅದೇ ತೊಂದರೆ. ಈ ಮೋಡ್‌ನ ಶುದ್ಧ ಗಾಂಧಾರವಾದ ಸಿ ಶಾರ್ಪ್ ಕೇಳಿಸಲಿ ಎಂದು ಕೊನೆಯಲ್ಲಿ ಸಿ ಶಾರ್ಪ್5 ಕೂಡ ಹಾಕಿ ನೋಡಿದೆ. ಆಗ ಹಾಡು ಬೇರೆ ಊರಿಗೇ ಹೋದಂತಾಗುತ್ತದೆ. ರಿಫ್ ಬದಲಿಸಬೇಕೇ, ಅಥವಾ ಹಾಡುವವರಿಗೆ ಹೇಳಿದರೆ ಸಾಕೇ?

ನವನಗರ ನೋಟ್ಸ್
ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎ ಮಿಕ್ಸೊಲಿಡಿಯನ್ ಎಂದರೆ ಡಿ ಮೇಜರ್ ಸ್ಕೇಲೇ ಅಲ್ಲವೇ? ಅದೇ ಏಳು ಸ್ವರ. ಸೋಲೋ ನುಡಿಸುವವರಿಗೆ ಡಿ ಮೇಜರ್ ನುಡಿಸಲು ಹೇಳಿ, ಮುಗಿಯಿತು. ನಾನು ಬಾಗಲಕೋಟೆಯಲ್ಲಿ ಹುಡುಗರಿಗೆ ಕಲಿಸುವಾಗ ಹೀಗೆಯೇ ಹೇಳುತ್ತೇನೆ, ಬೇಗ ತಲೆಗೆ ಹತ್ತುತ್ತದೆ.

ಕರೆಂಟ್ ಹಳ್ಳಿ
ನನಗೂ ಇದೇ ಸಮಸ್ಯೆ ಇತ್ತು. ಪವರ್ ಕಾರ್ಡ್ ಹಿಡಿದು ಗೇನ್ ಏರಿಸಿದರೆ ಸಾಕು, ಸ್ವರ ಅಲುಗಾಡುತ್ತದೆ, ಶ್ರುತಿ ಕೆಟ್ಟಂತೆ ಕೇಳಿಸುತ್ತದೆ, ಅದರಲ್ಲೂ ಜಿ5 ಹಿಡಿದಾಗ. ಪಿಕಪ್ ಬದಲಿಸಿದೆ, ಕೇಬಲ್ ಬದಲಿಸಿದೆ. ನಿಮ್ಮ ತಾಲೀಮಿನ ಕೋಣೆಯಲ್ಲಿ ಅರ್ಥಿಂಗ್ ಸರಿ ಇದೆಯೇ ನೋಡಿ. ಮೊದಲು ಆ್ಯಂಪ್ ಬೇರೆ ಪ್ಲಗ್‌ಗೆ ಹಾಕಿ ನೋಡಿ.

ಖಾನಾಪುರ ರಸ್ತೆ
ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ, ಅರ್ಥಿಂಗ್ ಮಾತು ಆಮೇಲೆ.

ಟಿಳಕವಾಡಿಯವರೇ, ನಿಮ್ಮ ಮೂರು ಕಾರ್ಡ್‌ಗಳ ಸ್ವರಗಳನ್ನು ಒಂದು ಕಾಗದದ ಮೇಲೆ ಬರೆಯಿರಿ. ಎ5 ಎಂದರೆ ಎ ಮತ್ತು ಇ. ಜಿ5 ಎಂದರೆ ಜಿ ಮತ್ತು ಡಿ. ಡಿ5 ಎಂದರೆ ಡಿ ಮತ್ತು ಎ. ಎಲ್ಲ ಕೂಡಿಸಿದರೆ ಸಿಗುವುದು ನಾಲ್ಕೇ ಸ್ವರ: ಸಾ, ಮ, ಪ ಮತ್ತು ಕೋಮಲ ನಿಷಾದ. ಗಾಂಧಾರ ಎಲ್ಲಿಯೂ ಇಲ್ಲ. ನಿಮ್ಮ ಗಾಯಕಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದಾದರೆ, ನೀವು ಕಟ್ಟಿದ ರಿಫ್ ಖಮಾಜ್ ಥಾಟಿಗೂ ಸಲ್ಲುತ್ತದೆ, ಕಾಫಿ ಥಾಟಿಗೂ ಸಲ್ಲುತ್ತದೆ. ಆ ಎರಡಕ್ಕೂ ಇರುವ ವ್ಯತ್ಯಾಸ ಗಾಂಧಾರ ಒಂದೇ, ಅದನ್ನೇ ನೀವು ಹೇಳಿಲ್ಲ. ಅವರು ಕಾಫಿ ಕೇಳಿಸಿಕೊಂಡರು, ಹಾಡಿದರು. ಅವರ ಕಿವಿ ಸರಿಯಾಗಿಯೇ ಇದೆ.

ಇದನ್ನು ಪರೀಕ್ಷಿಸುವುದು ಸುಲಭ. ರಿಫ್ ಅನ್ನು ಮೊಬೈಲಿನಲ್ಲಿ ಹಿಡಿದು ಸುತ್ತಿ ಸುತ್ತಿ ಬರುವಂತೆ ಹಾಕಿ. ಒಮ್ಮೆ ಅದರ ಮೇಲೆ ಸಿ ಸ್ವರವನ್ನು ಎಳೆದು ಗುನುಗಿ, ಇನ್ನೊಮ್ಮೆ ಸಿ ಶಾರ್ಪ್. ಎರಡೂ ಹಾಯಾಗಿ ಕುಳಿತರೆ ರಿಫ್ ಇನ್ನೂ ಯಾವ ಮೋಡ್‌ಗೂ ಸೇರಿಲ್ಲ ಎಂದೇ ತಿಳಿಯಿರಿ. ಸಿ ಸ್ವರ ಗುನುಗಿದಾಗ ಮೈ ಜುಮ್ಮೆಂದು ಮುಖ ಸಿಂಡರಿಸಬೇಕು. ಅಲ್ಲಿಯವರೆಗೆ ಮಿಕ್ಸೊಲಿಡಿಯನ್ ಎಂಬುದು ನಿಮ್ಮ ಮನಸ್ಸಿನಲ್ಲಿದೆಯೇ ಹೊರತು ಸ್ಪೀಕರ್‌ನಿಂದ ಹೊರಬಂದಿಲ್ಲ.

ಇನ್ನು ಸಿ ಶಾರ್ಪ್5. ಪವರ್ ಕಾರ್ಡ್‌ನ ಕೈ ಹಾಗೆಯೇ ಸರಿಸಿಕೊಂಡು ಹೋದರೆ ಸಿ ಶಾರ್ಪ್ ಜೊತೆಗೆ ಅದರ ಪಂಚಮವೂ ಬರುತ್ತದೆ, ಅದು ಜಿ ಶಾರ್ಪ್. ಅಂದರೆ ಶುದ್ಧ ನಿಷಾದ. ಎರಡು ಬೀಟಿನ ಹಿಂದೆ ಜಿ5 ಹೊಡೆದು ಕೋಮಲ ನಿಷಾದ ಸ್ಥಾಪಿಸಿದವರು ಈಗ ಅದನ್ನೇ ಅಳಿಸುತ್ತಿದ್ದೀರಿ. ಬೇರೆ ಊರಿಗೆ ಹೋದಂತೆ ಕೇಳಿಸುವುದು ಅದಕ್ಕೇ. ಈ ಮೋಡ್‌ನ ಏಳು ಸ್ವರಗಳಲ್ಲಿ ಸಾಮಾನ್ಯ ಪವರ್ ಕಾರ್ಡ್ ಕಟ್ಟಲಾಗದ ಜಾಗ ಅದೊಂದೇ, ಮತ್ತು ನಮಗೆ ಬೇಕಾದ ಸ್ವರ ಇರುವುದೂ ಅಲ್ಲಿಯೇ.

ನವನಗರದವರೇ, ಏಳು ಸ್ವರ ಒಂದೇ ಎಂಬುದು ನಿಜ. ಆದರೆ ಡಿ ಮೇಜರ್ ಎಂದುಕೊಂಡು ನುಡಿಸುವವನ ಬೆರಳು ಡಿ ಸ್ವರಕ್ಕೆ ಹೋಗಿ ವಿಶ್ರಮಿಸುತ್ತದೆ. ಹಾಗಾದರೆ ಎ5, ಜಿ5, ಡಿ5 ಎಂಬುದು ಡಿ ಮೇಜರ್‌ನ ಐದು, ನಾಲ್ಕು, ಒಂದು ಆಗಿಬಿಡುತ್ತದೆ. ಸ್ವರಗಳು ಸರಿ ಇದ್ದೂ ಮೋಡ್ ಕಳೆದುಹೋಗುತ್ತದೆ.

ನವನಗರ ನೋಟ್ಸ್
ಬೆರಳು ಎಲ್ಲಿ ವಿಶ್ರಮಿಸಬೇಕು ಎಂದು ಹೇಳಿಕೊಟ್ಟರೆ ಆಯಿತಲ್ಲ. ಎ ಸ್ವರದಲ್ಲಿ ಮುಗಿಸು ಎಂದರೆ ಮುಗಿಸುತ್ತಾರೆ. ಹೊಸಬರಿಗೆ ಇದೇ ಸುಲಭ ದಾರಿ ಎಂಬ ನನ್ನ ಮಾತನ್ನು ಬಿಡುವುದಿಲ್ಲ.

ಶಹಾಪುರ ಹಾರ್ಮೋನಿಯಂ
ನಾನು ಗಿಟಾರ್ ನುಡಿಸುವವಳಲ್ಲ, ಆದರೆ ಖಮಾಜ್ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಖಮಾಜ್ ರಾಗದ ಆರೋಹದಲ್ಲಿ ಶುದ್ಧ ನಿಷಾದವೇ ಬರುವುದು, ಅವರೋಹದಲ್ಲಿ ಕೋಮಲ. ಎರಡೂ ನಿಷಾದಗಳು ಅದರ ಸೊಗಸು. ಹಾಗಿರುವಾಗ ಜಿ ಶಾರ್ಪ್ ಬಂದರೆ ಹಾಡು ಕೆಟ್ಟಿತು ಎಂದು ಏಕೆ ಹೇಳುತ್ತೀರಿ? ನನ್ನ ಕಿವಿಗೆ ಅದು ಕೆಡುವುದಲ್ಲ, ಅರಳುವುದು. ನಿಮ್ಮ ಗಾಯಕಿಗೆ ಬಿಳಿ ಆರರಲ್ಲಿ ತಾನ್ಪುರ ಹಾಕಿಕೊಟ್ಟು, ಗಾಂಧಾರದ ಮೇಲೆ ನಿಲ್ಲುತ್ತ ಸ್ವಲ್ಪ ಹೊತ್ತು ಹಾಡಲು ಬಿಡಿ. ರಿಫ್ ಆಮೇಲೆ ಕಟ್ಟಿ.

ಖಾನಾಪುರ ರಸ್ತೆ
ಅಕ್ಕಾ, ರಾಗದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಥಾಟು ಬೇರೆ, ರಾಗ ಬೇರೆ, ನಾನು ಹೇಳಿದ್ದು ಥಾಟಿನ ಸ್ವರಗಳಷ್ಟೇ. ಆದರೆ ನಿಮ್ಮ ಶುದ್ಧ ನಿಷಾದ ಷಡ್ಜಕ್ಕೆ ಏರುವ ದಾರಿಯಲ್ಲಿ ಬಂದು ಹೋಗುತ್ತದೆ. ಸಿ ಶಾರ್ಪ್5ರಲ್ಲಿರುವ ಜಿ ಶಾರ್ಪ್ ಎಲ್ಲಿಗೂ ಏರುವುದಿಲ್ಲ. ಗಾಂಧಾರದ ಪಂಚಮವಾಗಿ ಅಲ್ಲಿಯೇ ಗಟ್ಟಿಯಾಗಿ ನಿಲ್ಲುತ್ತದೆ, ಅದೂ ಓವರ್‌ಡ್ರೈವ್ ಹಾಕಿದ ಗಿಟಾರ್‌ನಲ್ಲಿ.

ನಿಮ್ಮ ಮಾತಿಗೆ ಈ ಹಾಡಿನಲ್ಲಿ ಒಂದು ಜಾಗ ಇದೆ. ಮೊದಲ ಬಾರ್‌ನಲ್ಲಿ ಗಿಟಾರ್ ಎ5 ಬಿಟ್ಟು ಬೇರೇನನ್ನೂ ನುಡಿಸುವುದಿಲ್ಲ. ಅಲ್ಲಿ ಗಾಯಕಿ ಶುದ್ಧ ನಿಷಾದ ಮುಟ್ಟಿ ಷಡ್ಜಕ್ಕೆ ಏರಿದರೆ ಯಾರಿಗೂ ಡಿಕ್ಕಿಯಾಗುವುದಿಲ್ಲ. ಬಾರ್ ಮುಗಿಯುವ ಹೊತ್ತಿಗೆ ಜಿ5 ಬೀಳುತ್ತದೆ, ಅಷ್ಟರಲ್ಲಿ ಅವರು ಇಳಿದಿರಬೇಕು.

ಟಿಳಕವಾಡಿ ತಂತಿ
ಗುನುಗುವ ಪರೀಕ್ಷೆ ಮಾಡಿದೆ. ಎರಡೂ ಕುಳಿತವು! ಈಗ ಕಾರಣ ಗೊತ್ತಾಯಿತು. ಹಾಗಾದರೆ ಸಿ ಶಾರ್ಪ್ ಎಲ್ಲಿ ಇಡಬೇಕು? ಎ5 ಬದಲು ಪೂರ್ತಿ ಎ ಮೇಜರ್ ಕಾರ್ಡ್ ಹಿಡಿದರೆ ಗೇನ್‌ನಲ್ಲಿ ಗಂಜಿಯಂತಾಗುತ್ತದೆ.

ಖಾನಾಪುರ ರಸ್ತೆ
ಗಂಜಿಯಾಗುವುದಕ್ಕೆ ಲೆಕ್ಕ ಇದೆ. ತೆರೆದ ಎ ತಂತಿ 110 ಹರ್ಟ್ಸ್. ಅದರ ಮೂರನೆಯ ಹಾರ್ಮೋನಿಕ್ 330. ಮೇಲಿನ ಇ ಸ್ವರದ ಎರಡನೆಯದು ಸುಮಾರು 329.6. ಎರಡೂ ಬಹುತೇಕ ಒಂದೇ, ಆದ್ದರಿಂದ ಪಂಚಮವನ್ನು ಎಷ್ಟು ಗೇನ್ ಹಾಕಿದರೂ ತಡೆದುಕೊಳ್ಳುತ್ತದೆ. ಸಿ ಶಾರ್ಪ್ ಹಾಗಲ್ಲ. ಫ್ರೆಟ್‌ನ ಸಿ ಶಾರ್ಪ್ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಎ ತಂತಿಯ ಐದನೆಯ ಹಾರ್ಮೋನಿಕ್ 550, ಆ ಕಾರ್ಡ್‌ನಲ್ಲಿರುವ ಸಿ ಶಾರ್ಪ್‌ನ ಎರಡನೆಯದು 554ಕ್ಕೂ ತುಸು ಹೆಚ್ಚು. ಅವೆರಡೂ ಸೆಕೆಂಡಿಗೆ ನಾಲ್ಕು ಸಲಕ್ಕಿಂತ ಹೆಚ್ಚು ತಿಕ್ಕಾಡುತ್ತವೆ. ಗೇನ್ ಕಡಿಮೆ ಇದ್ದಾಗ ಅದು ಕಿವಿಗೆ ಬೀಳುವುದಿಲ್ಲ, ಏರಿಸಿದಂತೆ ಮುಂದೆ ಬರುತ್ತದೆ.

ಆದ್ದರಿಂದ ಸಿ ಶಾರ್ಪ್ ಅನ್ನು ಕಾರ್ಡ್‌ನೊಳಗೆ ತುರುಕಬೇಡಿ. ಕಾರ್ಡ್ ನಿಲ್ಲಿಸಿ, ಆಮೇಲೆ ಒಂಟಿ ಸ್ವರವಾಗಿ ನುಡಿಸಿ. ನಿಮ್ಮ ಮೂರು ಕಾರ್ಡ್‌ಗಳನ್ನೇ ಇಟ್ಟುಕೊಂಡು ಎರಡು ಬಾರ್‌ಗೆ ಹೀಗೆ ಬರೆದಿದ್ದೇನೆ:

```
    1  &  2  &  3  &  4  &   1  &  2  &  3  &  4  &
D |-2--------2-------------|----7-----x-------------|
A |-0--0--0--0--0--0--0--5-|----5-----x--4--0--4--2-|
E |----------------------3-|------------------------|
```

ಮೊದಲ ಬಾರ್‌ನಲ್ಲಿ ಎ5 ಎರಡು ಸಲ ಮಾತ್ರ ತೆರೆದು ಬಡಿಯಿರಿ: ಒಂದನೆಯ ಬೀಟಿನಲ್ಲಿ, ಆಮೇಲೆ ಎರಡರ ನಂತರದ ಅರ್ಧದಲ್ಲಿ. ಮಧ್ಯದ ಒಂಟಿ ಸೊನ್ನೆಗಳೆಲ್ಲ ಪಾಮ್ ಮ್ಯೂಟ್, ಎಲ್ಲವೂ ಕೆಳಮುಖವಾಗಿಯೇ ಪಿಕ್. ಜಿ5 ಬಾರ್ ಮುಗಿಯುವ ಮೊದಲೇ, ಅರ್ಧ ಬೀಟ್ ಮುಂಚೆ ಬೀಳುತ್ತದೆ, ಮುಂದಿನ ಬಾರ್‌ನ ಒಂದನೆಯ ಬೀಟಿನಲ್ಲಿ ಕೈ ಎತ್ತದೆ ಹಾಗೆಯೇ ಹಿಡಿದಿರಿ. ಹಾಡನ್ನು ಮುಂದಕ್ಕೆ ನೂಕುವುದು ಈ ಅವಸರವೇ.

ಡಿ5 ಆದಮೇಲೆ ಟ್ಯಾಬ್‌ನಲ್ಲಿ x ಇರುವ ಕಡೆ ನಿಜವಾಗಿಯೂ ಮೌನ ಬೇಕು. ಎಡಗೈ ಬೆರಳುಗಳನ್ನು ಎತ್ತದೆ ಒತ್ತಡ ಮಾತ್ರ ಬಿಡಿ, ಬಲಗೈ ಅಂಗೈ ತಂತಿಯ ಮೇಲೆ ಇಡಿ. ತೋರುಬೆರಳು ಆಗಲೇ ಎ ತಂತಿಯ ಐದನೆಯ ಫ್ರೆಟ್‌ನಲ್ಲಿದೆ. ಅದನ್ನು ಒಂದು ಫ್ರೆಟ್ ಹಿಂದೆ ಸರಿಸಿದರೆ ಸಿ ಶಾರ್ಪ್. ಡಿ ತಂತಿ ಇನ್ನೂ ಗುಂಯ್‌ಗುಟ್ಟುತ್ತಿದ್ದರೆ ಸಿ ಶಾರ್ಪ್ ಅದಕ್ಕೆ ಅರ್ಧ ಸ್ವರದ ಅಂತರದಲ್ಲಿ ತಾಗಿ ಕಿರಿಕಿರಿಯಾಗುತ್ತದೆ. ಹಾಗಾದರೆ ಉಂಗುರ ಬೆರಳನ್ನು ಪೂರ್ತಿ ಎತ್ತಿಬಿಟ್ಟಿದ್ದೀರಿ ಎಂದರ್ಥ, ಅದು ತಂತಿಗೆ ಮೆಲ್ಲಗೆ ತಾಗಿಕೊಂಡೇ ಇರಬೇಕು.

ಕೊನೆಗೆ ಗ, ರಿ, ಮತ್ತೆ ಮೊದಲ ಬೀಟಿನಲ್ಲಿ ಸಾ. ಗಾಂಧಾರ ಎರಡು ಸಲ ಬೀಟಿನ ಮೇಲೆಯೇ ಬಿದ್ದು, ಅಲ್ಲಿಂದ ಮನೆಗೆ ಇಳಿಯುತ್ತದೆ. ಈಗ ಸಿ ಸ್ವರ ಗುನುಗಿ ನೋಡಿ.

ಗುಮ್ಮಟ ಡ್ರಮ್ಸ್
ವಿಜಯಪುರದಿಂದ. ಟ್ಯಾಬ್ ಓದಲು ಬರುವುದಿಲ್ಲ, ಆದರೆ ಏಟುಗಳನ್ನು ಎಣಿಸಿದೆ. ಬಡಿತ ಬೀಳುವುದು ಒಂದರಲ್ಲಿ, ಎರಡರ ನಂತರ, ನಾಲ್ಕರ ನಂತರ, ಮತ್ತು ಮುಂದಿನ ಬಾರ್‌ನ ಒಂದರ ನಂತರ. ಮೂರು ಬಡಿತಗಳು ಬೀಟಿನ ಹೊರಗೇ ಇವೆ. ದಯವಿಟ್ಟು ಡ್ರಮ್ಮರ್‌ಗೆ ಎಲ್ಲ ಬಡಿತಗಳನ್ನೂ ಸ್ನೇರ್ ಮೇಲೆ ಹೊಡೆಯಲು ಹೇಳಬೇಡಿ. ಹಾಗೆ ಮಾಡಿದರೆ ಕೇಳುವವನಿಗೆ ಒಂದು ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಓಟ ಹೋಗಿ ಎಡವಾಟ ಆಗುತ್ತದೆ. ಸ್ನೇರ್ ಎರಡು ಮತ್ತು ನಾಲ್ಕರಲ್ಲಿ ಕಲ್ಲಿನಂತೆ ಇರಲಿ. ಗಿಟಾರ್ ಜೊತೆ ಹೋಗುವುದು ಕಿಕ್ ಮಾತ್ರ. ಜಿ5 ಬಿದ್ದಾಗ ಕಿಕ್ ಜೊತೆ ಕ್ರ್ಯಾಶ್ ಸಿಂಬಲ್ ಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು: ಇಷ್ಟು ಕೆಳಪಿಕ್ ಮಾಡುವವರು ಕೈ ಸೋತಾಗ ನಿಧಾನವಾಗುವುದಿಲ್ಲ, ಓಡುತ್ತಾರೆ. ಮೆಟ್ರೋನೋಮ್ ಎರಡು ಮತ್ತು ನಾಲ್ಕಕ್ಕೆ ಮಾತ್ರ ಹಾಕಿಕೊಂಡು ಅಭ್ಯಾಸ ಮಾಡಿ, ಎಲ್ಲಿ ಓಡುತ್ತಿದ್ದೀರಿ ಎಂದು ಕೂಡಲೇ ಗೊತ್ತಾಗುತ್ತದೆ.

ಇಳಕಲ್ ಬೇಸ್
ಗಾಂಧಾರ ಬೇಕೆಂದರೆ ಇಷ್ಟು ಸುತ್ತು ಏಕೆ? ಬೇಸ್ ನುಡಿಸುವವರು ಎ5 ಕೆಳಗೆ ಸಿ ಶಾರ್ಪ್ ಹಿಡಿದರೆ ಮೂರೂ ಸ್ವರ ಬಂತು. ಬೇಸ್‌ಗೆ ಗೇನ್ ಇಲ್ಲ, ತಿಕ್ಕಾಟವೂ ಇಲ್ಲ. ನಾವು ನಮ್ಮ ಹಾಡಿನಲ್ಲಿ ಹೀಗೆ ಮಾಡಿದ್ದೇವೆ, ಚೆನ್ನಾಗಿಯೇ ಇದೆ.

ಖಾನಾಪುರ ರಸ್ತೆ
ನಿಮ್ಮ ಹಾಡಿನ ವೇಗ ಎಷ್ಟು? ನಿಧಾನದ ಹಾಡಿಗೆ ಅದು ಬಹಳ ಸುಂದರ. ಈ ರಿಫ್‌ನ ಮೊದಲ ಬೀಟಿನಲ್ಲಿ ಬೇಸ್ ಎ ಸ್ವರದಿಂದ ಕದಲಿದರೆ ನೆಲವೇ ಜಾರಿದಂತಾಗುತ್ತದೆ. ಮೊದಲೇ ಈ ಮೂರು ಕಾರ್ಡ್‌ಗಳಿಗೆ ಡಿ ಕಡೆ ವಾಲುವ ಚಾಳಿ ಇದೆ. ಎರಡನೆಯ ಬಾರ್‌ನ ಕೊನೆಯ ಎರಡು ಬೀಟುಗಳಲ್ಲಿ ಬೇಸ್ ಗಿಟಾರ್ ಜೊತೆ ಸಿ ಶಾರ್ಪ್, ಬಿ ಇಳಿಯಲಿ. ಅಷ್ಟು ಸಾಕು.

ಇಳಕಲ್ ಬೇಸ್
ವೇಗ 92. ಹೌದು, ಅದು ಬೇರೆ ಥರದ ಹಾಡು. ಆದರೆ ಡಿ ಕಡೆ ವಾಲುವ ಭಯವಿದ್ದರೆ ಬೇಸ್ ಎರಡೂ ಬಾರ್‌ನಲ್ಲಿ ಎ ಸ್ವರವನ್ನೇ ಹಿಡಿದು ಕೂರಬಹುದಲ್ಲವೇ? ಜಿ5 ಬಂದರೂ ಡಿ5 ಬಂದರೂ ಕೆಳಗೆ ಎ.

ಶಹಾಪುರ ಹಾರ್ಮೋನಿಯಂ
ಅದು ತಾನ್ಪುರದ ಕೆಲಸ. ನಾನು ಮೊದಲೇ ಹೇಳಿದ್ದು ಅದನ್ನೇ.

ಖಾನಾಪುರ ರಸ್ತೆ
ಮಾಡಬಹುದು. ಮನೆ ಅಲುಗಾಡುವುದಿಲ್ಲ, ಆದರೆ ಜಿ5 ಬೀಳುವಾಗಿನ ಗುದ್ದು ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಆ ಗುದ್ದು ಕೆಳಗಿನ ಸ್ವರವೇ ಸ್ಥಾನ ಬದಲಿಸುವುದರಿಂದ ಬರುವಂಥದ್ದು. ಪಲ್ಲವಿಯಲ್ಲಿ ಬೇಸ್ ಗಿಟಾರ್ ಜೊತೆ ಹೋಗಲಿ, ಚರಣದಲ್ಲಿ ಎ ಹಿಡಿದು ಕೂರಲಿ ಎಂದು ನಾನಾದರೆ ಹಂಚುತ್ತೇನೆ. ಮನೆ ಯಾವುದು ಎಂದು ತಿಳಿಯಲು ರಿಫ್ ಅನ್ನು ಮನಸ್ಸಿಗೆ ಬಂದ ಕಡೆ ಥಟ್ಟನೆ ನಿಲ್ಲಿಸಿ, ಬಾಯಿಗೆ ತಾನಾಗಿ ಬರುವ ಸ್ವರ ಯಾವುದು ನೋಡಿ. ಡಿ ಬಂದರೆ ಡಿ5ರ ಕಾಲ ಇನ್ನೂ ಕಡಿಮೆ ಮಾಡಿ.

ಕರೆಂಟ್ ಹಳ್ಳಿಯವರೇ, ನಿಮ್ಮದನ್ನು ಮರೆತಿಲ್ಲ. ಜಿ5ರಲ್ಲಿ ಹೆಚ್ಚು ಅಲುಗಾಟ ಎಂದಿರಿ. ಇ ತಂತಿಯ ಮೂರನೆಯ ಫ್ರೆಟ್‌ನ ಜಿ 98 ಹರ್ಟ್ಸ್. ನಮ್ಮ ಕರೆಂಟಿನ ಗುಂಯ್ ಶಬ್ದ 50, ಅದರ ಎರಡರಷ್ಟು 100. ಗುಂಯ್ ಜೋರಾಗಿದ್ದರೆ ಅದು ಜಿ ಜೊತೆ ಸೆಕೆಂಡಿಗೆ ಎರಡು ಸಲ ಅಲೆಯಾಗುತ್ತದೆ. ಹಾಗಾಗಿ ನಿಮ್ಮ ಅರ್ಥಿಂಗ್ ಅನುಮಾನ ನಿಮ್ಮ ಕೋಣೆಯ ಮಟ್ಟಿಗೆ ಸರಿ ಇರಬಹುದು. ಎ5 ಮತ್ತು ಡಿ5 ಹಿಡಿದಾಗಲೂ ಅಲುಗಾಡಿದರೆ ಮಾತ್ರ ಕಾರಣ ಬೇರೆ.

ಕರೆಂಟ್ ಹಳ್ಳಿ
ಎ5ರಲ್ಲಿ ಅಲುಗಾಡುವುದಿಲ್ಲ! ನಾಳೆಯೇ ಎಲೆಕ್ಟ್ರಿಷಿಯನ್ ಕರೆಸುತ್ತೇನೆ.

ಮಾರ್ಕೆಟ್ ಮೆಟಲ್
ಒಂಟಿ ಸ್ವರ ಒಪ್ಪುವೆ, ಆದರೆ ತುಂಬಾ ಸಾಧು. ಸಿ ಶಾರ್ಪ್ ಮೇಲೆ ಪವರ್ ಕಾರ್ಡ್ ಹಿಡಿಯಿರಿ, ಮೇಲಿನ ಬೆರಳನ್ನು ಮಾತ್ರ ಒಂದು ಫ್ರೆಟ್ ಕೆಳಗಿಳಿಸಿ. ಎ ತಂತಿ ನಾಲ್ಕು, ಡಿ ತಂತಿ ಐದು. ಸಿ ಶಾರ್ಪ್ ಮತ್ತು ಜಿ. ಶುದ್ಧ ಗಾಂಧಾರ, ಕೋಮಲ ನಿಷಾದ ಎರಡೂ ಒಂದೇ ಏಟಿಗೆ. ಇಡೀ ಮಿಕ್ಸೊಲಿಡಿಯನ್ ಎರಡು ತಂತಿಯಲ್ಲಿ ಸಿಕ್ಕಿತು. ಕೆಳಗೆ ಬೇಸ್ ಎ ಹಿಡಿದರೆ ಎ ಸೆವೆಂತ್ ಆಯಿತು.

ಖಾನಾಪುರ ರಸ್ತೆ
ಇದು ನಿಜವಾಗಿಯೂ ಒಳ್ಳೆಯ ಉಪಾಯ. ಆದರೆ ಗೇನ್‌ನಲ್ಲಿ ಆ ಎರಡು ಸ್ವರ ಕರ್ಕಶ. ಎಳೆದರೆ ಭೀಕರ ಹಾಡಿನಂತಾಗುತ್ತದೆ, ಬಿಸಿಲು ಹೋಗುತ್ತದೆ. ಅರ್ಧ ಬೀಟಿನ ಒಂದು ಚುಚ್ಚು ಮಾತ್ರ, ಅದೂ ನಾಲ್ಕು ಸುತ್ತಿಗೊಮ್ಮೆ ಎಂದರೆ ಒಪ್ಪುತ್ತೇನೆ.

ಮಾರ್ಕೆಟ್ ಮೆಟಲ್
ನಾಲ್ಕು ಸುತ್ತಿಗೊಮ್ಮೆ ಎಂದರೆ ಕೇಳುವವನು ಮರೆತೇಬಿಡುತ್ತಾನೆ. ಪ್ರತಿ ಸುತ್ತಿನಲ್ಲೂ ಇರಬೇಕು. ಕರ್ಕಶವಾಗಿರುವುದೇ ಅದರ ಗುಣ, ರಾಕ್ ಹಾಡಿಗೆ ಅಷ್ಟು ಒರಟುತನ ಬೇಡವೇ?

ಟಿಳಕವಾಡಿ ತಂತಿ
ನಿನ್ನೆ ತಾಲೀಮಿನಲ್ಲಿ ಖಾನಾಪುರ ರಸ್ತೆಯವರ ಟ್ಯಾಬ್ ನುಡಿಸಿದೆವು. ಸೋಲೋದವನಿಗೆ ನಾನು ಏನೂ ಹೇಳಲಿಲ್ಲ. ಮೈನರ್ ಪೆಂಟಾಟೋನಿಕ್‌ನ ಸಿ ಹಿಡಿದ, ಎರಡನೆಯ ಬಾರ್‌ಗೆ ಬಂದಾಗ ಅವನೇ ನಿಲ್ಲಿಸಿ ‘ಇದು ಕೂರುತ್ತಿಲ್ಲ’ ಎಂದ. ಈಗ ಆ ಸಿ ಸ್ವರವನ್ನು ಸಿ ಶಾರ್ಪ್‌ಗೆ ಬೆಂಡ್ ಮಾಡಿ ಮುಟ್ಟಿಸುತ್ತಿದ್ದಾನೆ, ಅದು ತುಂಬ ಚೆನ್ನಾಗಿ ಕೇಳಿಸುತ್ತಿದೆ. ಸ್ನೇರ್ ನೇರವಾಗಿ ಇಟ್ಟದ್ದರಿಂದ ಓಟವೂ ಬಂತು. ಮಾರ್ಕೆಟ್ ಮೆಟಲ್ ಅವರ ಚುಚ್ಚನ್ನೂ ಪ್ರಯತ್ನಿಸಿದೆವು. ಡ್ರಮ್ಮರ್‌ಗೆ ಇಷ್ಟ, ಗಾಯಕಿಗೆ ಸ್ವಲ್ಪವೂ ಇಷ್ಟವಿಲ್ಲ. ಇನ್ನೂ ತೀರ್ಮಾನವಾಗಿಲ್ಲ.

ಉಳಿದ ತೊಂದರೆ ಒಂದು. ಗಾಯಕಿ ಈಗ ಶುದ್ಧ ಗಾಂಧಾರವನ್ನೇ ಹಾಡುತ್ತಾರೆ, ಆದರೆ ನನ್ನ ಸಿ ಶಾರ್ಪ್ ಜೊತೆ ಅವರು ಎಳೆದು ನಿಂತಾಗ ಗಿಟಾರ್ ತುಸು ಏರಿದಂತೆ ಕೇಳಿಸುತ್ತದೆ. ಟ್ಯೂನರ್ ಪ್ರಕಾರ ನನ್ನದು ಸರಿ ಇದೆ.

ಶಹಾಪುರ ಹಾರ್ಮೋನಿಯಂ
ಅವರದೂ ಸರಿ ಇದೆ. ತಾನ್ಪುರದ ಜೊತೆ ಕಲಿತ ಗಾಂಧಾರ ಅದು, ಹಾರ್ಮೋನಿಯಂ ಗಾಂಧಾರಕ್ಕಿಂತ ಕೆಳಗೇ ಇರುತ್ತದೆ. ನಾನು ಸಾಥ್ ಕೊಡುವಾಗ ಗಾಯಕರು ಗಾಂಧಾರದ ಮೇಲೆ ನಿಂತರೆ ಆ ಪಟ್ಟಿಯಿಂದ ಬೆರಳು ತೆಗೆದು ಷಡ್ಜ ಪಂಚಮ ಮಾತ್ರ ಹಿಡಿಯುತ್ತೇನೆ. ಅವರಿಗೆ ಬದಲಿಸಲು ಹೇಳಬೇಡಿ.

ಖಾನಾಪುರ ರಸ್ತೆ
ಅಕ್ಕ ಹೇಳಿದ್ದೇ ಉತ್ತರ. ಮೇಲೆ ಲೆಕ್ಕ ಹಾಕಿದ ಆ 14 ಸೆಂಟ್ ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ಫ್ರೆಟ್ ಒತ್ತಿ ಸ್ವರ ಏರಿಸಬಹುದು, ಇಳಿಸಲಾಗದು. ತೋರುಬೆರಳು ಜೋರಾಗಿ ಒತ್ತುತ್ತಿದ್ದರೆ ಇನ್ನೂ ಏರುತ್ತದೆ, ಆದ್ದರಿಂದ ಮೊದಲು ಒತ್ತಡ ಕಡಿಮೆ ಮಾಡಿ. ಅವರು ಗಾಂಧಾರ ಎಳೆಯುವ ಸಾಲಿನಲ್ಲಿ ಎರಡನೆಯ ಬಾರ್‌ನ ಎರಡು ಸಿ ಶಾರ್ಪ್ ಬಿಟ್ಟು ಅಲ್ಲಿ ತೆರೆದ ಎ ಮಾತ್ರ ಮ್ಯೂಟ್‌ನಲ್ಲಿ ನುಡಿಸಿ. ಗಾಂಧಾರ ಹೇಳಲು ಅವರಿದ್ದಾರಲ್ಲ. ಅವರು ಹಾಡದಿರುವ ಕಡೆಗಳಲ್ಲಿ ನೀವು ಹೇಳಿ.

ನವನಗರ ನೋಟ್ಸ್
ಸೋಲೋದವರು ಸಿ ಇಂದ ಸಿ ಶಾರ್ಪ್‌ಗೆ ಬೆಂಡ್ ಮಾಡುತ್ತಾರೆ ಎಂದಿರಿ. ಆಗ ಎರಡು ಗಾಂಧಾರವೂ ಬಂತು. ಅದನ್ನು ಇನ್ನೂ ಮಿಕ್ಸೊಲಿಡಿಯನ್ ಎನ್ನಬಹುದೇ, ಅಥವಾ ಬ್ಲೂಸ್ ಎನ್ನಬೇಕೇ?

ಮಾರ್ಕೆಟ್ ಮೆಟಲ್
ಮುಟ್ಟಿ ಹೋಗುವುದು ಎಲ್ಲಿ, ನಿಲ್ಲುವುದು ಎಲ್ಲಿ ಎಂಬುದರ ಮೇಲೆ. ಟಿಳಕವಾಡಿಯವರೇ, ಸೋಲೋ ಹಿಡಿದ ರೆಕಾರ್ಡಿಂಗ್ ಇದ್ದರೆ ಹಾಕಿ, ಚುಚ್ಚು ಇರುವುದೊಂದು, ಇಲ್ಲದ್ದೊಂದು. ಕೇಳಿ ಜಗಳವಾಡೋಣ.